ಸೀಟು ಬಿಟ್ಟ ಮೇಲೆ ಫೀಸು ವಾಪಸ್: ಲೆಕ್ಕವೆಲ್ಲ ನಿಂತಿರುವುದು ಒಂದು ತಾರೀಖಿನ ಮೇಲೆ

ಪ್ರಶ್ನೆ: ಸರ್, ಮಗಳನ್ನು ಜೂನ್‌ನಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿಸಿದ್ದೆ. ವರ್ಷದ ಫೀಸು 84,000, ಕಾಷನ್ ಡೆಪಾಸಿಟ್ 6,000, ಒಟ್ಟು 90,000 ರೂಪಾಯಿ ಕಟ್ಟಿದೆ. ಆಮೇಲೆ ಮೈಸೂರಿನಲ್ಲಿ ಅವಳು ಬಯಸಿದ ಕಡೆ ಸೀಟು ಸಿಕ್ಕಿತು. ಜುಲೈ 12ರಂದು ಅಡ್ಮಿಷನ್ ನೋಡಿಕೊಳ್ಳುವವರಿಗೆ ವಾಟ್ಸಾಪ್‌ನಲ್ಲಿ ತಿಳಿಸಿದೆ. 'ಓಕೆ ಸರ್, ಆಫೀಸಲ್ಲಿ ಕೇಳಿ ಹೇಳ್ತೀನಿ' ಅಂದರು, ಆಮೇಲೆ ಸುದ್ದಿ ಇಲ್ಲ. ಆಗಸ್ಟ್ 4ರಂದು ಹೋಗಿ ಅರ್ಜಿ ಕೊಟ್ಟೆ. ರಸೀದಿ ಮೇಲೆ 'ಒಮ್ಮೆ ಕಟ್ಟಿದ ಶುಲ್ಕ ವಾಪಸ್ ಇಲ್ಲ' ಅಂತ ಸೀಲ್ ಇದೆ ಅಂತಾರೆ. ಅಡ್ಮಿಷನ್ ಜುಲೈ 15ಕ್ಕೇ ಮುಗಿದಿತ್ತು ಅಂತಲೂ ಹೇಳ್ತಾರೆ. ಯೂನಿವರ್ಸಿಟಿ ಅದನ್ನು 31ರವರೆಗೆ ಮುಂದೂಡಿತ್ತು. ಕಾಲೇಜಿನ ವೆಬ್‌ಸೈಟಿನಲ್ಲಿ 'ಯುಜಿಸಿ ನಿಯಮದಂತೆ ರೀಫಂಡ್' ಅಂತ ಪಾಲಿಸಿ ಇದೆ. ಎಷ್ಟು ಸಿಗಬಹುದು? ಹೇಗೆ ಕೇಳಬೇಕು? — ತಿಪಟೂರಿನ ಓದುಗರು

ಉತ್ತರ:

ಮೊದಲು ಒಂದು ಕೆಲಸ ಮಾಡಿ. ಈ ಉತ್ತರ ಓದಿ ಮುಗಿಸುವ ಮುಂಚೆಯೇ ಕಾಲೇಜಿನ ವೆಬ್‌ಸೈಟಿನ ಆ ರೀಫಂಡ್ ಪಾಲಿಸಿ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಮೇಲೆ ವೆಬ್‌ಸೈಟಿನ ವಿಳಾಸ, ಕೆಳಗೆ ತಾರೀಖು ಕಾಣುವ ಹಾಗೆ ಒಂದು ಪ್ರಿಂಟ್ ಕೂಡ ತೆಗೆಸಿ. ವಾಟ್ಸಾಪ್ ಮಾತುಕತೆಯನ್ನೂ ಹಾಗೇ ಸ್ಕ್ರೀನ್‌ಶಾಟ್ ಮಾಡಿ, ಅವರ ನಂಬರ್, ತಾರೀಖು, ಸಮಯ ಮೂರೂ ಕಾಣಬೇಕು. ಪುಟ ಬದಲಾಗುತ್ತದೆ, ಮೆಸೇಜ್ ಅಳಿಸಿಹೋಗುತ್ತದೆ. ನಾನು ಹದಿನೈದು ವರ್ಷ ಒಂದು ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿ ಕೂತವನು. ಪೋಷಕರ ಕೈಲಿ ಕಾಗದ ಇದ್ದಾಗ ಆ ಕೌಂಟರಿನಲ್ಲಿ ಮಾತು ಹೇಗೆ ಬದಲಾಗುತ್ತದೆ ಅನ್ನುವುದನ್ನು ದಿನಾ ನೋಡಿದ್ದೇನೆ.

ಈಗ ಆ ಸೀಲಿನ ವಿಷಯ. ಅದು ರಬ್ಬರ್ ಸ್ಟಾಂಪು, ಕಾನೂನಲ್ಲ. ನಮ್ಮ ಆಫೀಸಿನಲ್ಲೂ ಅಂಥದ್ದೊಂದು ಇತ್ತು. ಪ್ರತಿ ರಸೀದಿ ಹರಿದು ಕೊಡುವಾಗ ಕ್ಯಾಷಿಯರ್ ಅದನ್ನು ಒತ್ತುತ್ತಿದ್ದರು. ಎಷ್ಟೋ ಜನ ಅದನ್ನು ಓದಿ, ಕೇಳುವುದನ್ನೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಆದರೆ ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಶುಲ್ಕ ವಾಪಸಾತಿಗೆ ಅಂತಲೇ ಒಂದು ಅಧಿಸೂಚನೆ ಹೊರಡಿಸಿದೆ. ವಿಶ್ವವಿದ್ಯಾಲಯಗಳಿಗೆ, ಅವುಗಳ ಅಧೀನದ ಕಾಲೇಜುಗಳಿಗೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಅದು ಅನ್ವಯಿಸುತ್ತದೆ. ಖಾಸಗಿ ಕಾಲೇಜು ಅನ್ನುವ ಕಾರಣಕ್ಕೆ ಅದರಿಂದ ಹೊರಗೆ ಉಳಿಯಲು ಆಗುವುದಿಲ್ಲ. ನಿಮ್ಮ ಕಾಲೇಜಂತೂ ತನ್ನ ವೆಬ್‌ಸೈಟಿನಲ್ಲೇ 'ಯುಜಿಸಿ ನಿಯಮದಂತೆ' ಅಂತ ಬರೆದುಕೊಂಡಿದೆ. ಅಂದರೆ ಸೀಲು ಒಂದು ಹೇಳುತ್ತಿದೆ, ಪಾಲಿಸಿ ಇನ್ನೊಂದು ಹೇಳುತ್ತಿದೆ. ಎರಡೂ ಅವರದ್ದೇ. ನಿಮ್ಮ ಪತ್ರದಲ್ಲಿ ಮೊದಲು ಹಿಡಿಯಬೇಕಾದ್ದು ಇದನ್ನೇ. ಯುಜಿಸಿಯ ಮಾತು ಆಮೇಲೆ ಬರಲಿ, ಮೊದಲು 'ನೀವೇ ಪ್ರಕಟಿಸಿದ ಪಾಲಿಸಿಯ ಪ್ರಕಾರ ಕೇಳುತ್ತಿದ್ದೇನೆ' ಅಂತ ಬರಲಿ. ಹೊರಗಿನ ನಿಯಮದ ಬಗ್ಗೆ ವಾದ ಮಾಡಬಹುದು, ತಾವೇ ಬರೆದದ್ದರ ಬಗ್ಗೆ ಪ್ರಿನ್ಸಿಪಾಲರು ವಾದ ಮಾಡುವುದು ಕಷ್ಟ.

ಒಂದು ವೇಳೆ ಕಾಲೇಜಿನ ಪಾಲಿಸಿ ಯುಜಿಸಿಗಿಂತ ಉದಾರವಾಗಿದ್ದರೆ ಅದನ್ನೇ ಹಿಡಿಯಿರಿ. ಯುಜಿಸಿಗಿಂತ ಬಿಗಿಯಾಗಿದ್ದರೆ ಯುಜಿಸಿಯದ್ದನ್ನು ಹಿಡಿಯಿರಿ.

ಲೆಕ್ಕಕ್ಕೆ ಬರೋಣ. 2018ರ ಅಧಿಸೂಚನೆ ಒಂದೇ ಒಂದು ತಾರೀಖನ್ನು ಕಂಬದ ಹಾಗೆ ನೆಟ್ಟಿದೆ: 'ಅಧಿಕೃತವಾಗಿ ಪ್ರಕಟಿಸಿದ ಪ್ರವೇಶದ ಕೊನೆಯ ದಿನ'. ನೀವು ಸೀಟು ಬಿಡುತ್ತೇನೆ ಅಂತ ತಿಳಿಸಿದ ದಿನ ಆ ಕಂಬದಿಂದ ಎಷ್ಟು ದೂರ ಇದೆ ಅನ್ನುವುದರ ಮೇಲೆ ಹಣ ನಿಂತಿದೆ. ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆಯೇ ತಿಳಿಸಿದರೆ ನೂರಕ್ಕೆ ನೂರು. 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ತಿಳಿಸಿದರೆ ಶೇ. 90. ಕೊನೆಯ ದಿನ ದಾಟಿ 15 ದಿನದ ಒಳಗೆ ಆದರೆ ಶೇ. 80. 15 ದಾಟಿ 30ರ ಒಳಗೆ ಆದರೆ ಶೇ. 50. 30 ದಿನವೂ ದಾಟಿದರೆ ಏನೂ ಇಲ್ಲ. ನೂರಕ್ಕೆ ನೂರು ಅಂದಾಗಲೂ ಕಾಲೇಜು ಕಚೇರಿ ಖರ್ಚು ಅಂತ ಕಟ್ಟಿದ ಫೀಸಿನ ಶೇ. 5ರವರೆಗೆ, ಆದರೆ 5,000 ರೂಪಾಯಿಗೆ ಮೀರದಂತೆ, ಹಿಡಿದುಕೊಳ್ಳಬಹುದು. ಕಾಷನ್ ಡೆಪಾಸಿಟ್ ಈ ಶೇಕಡಾ ಲೆಕ್ಕದೊಳಗೆ ಬರುವುದೇ ಇಲ್ಲ. ಅದು ನಿಮ್ಮದೇ ಠೇವಣಿ, ಪೂರ್ತಿ ವಾಪಸ್ ಬರಬೇಕು.

ಈಗ ನಿಮ್ಮ ಅಂಕಿಗಳನ್ನು ಇದರಲ್ಲಿ ಇಟ್ಟು ನೋಡಿ.

ಕಾಲೇಜಿನವರು ಹೇಳುವ ಹಾಗೆ ಕೊನೆಯ ದಿನ ಜುಲೈ 15, ನೀವು ತಿಳಿಸಿದ್ದು ಆಗಸ್ಟ್ 4 ಅಂತ ಹಿಡಿದರೆ 20 ದಿನ ದಾಟಿದೆ. ಶೇ. 50, ಅಂದರೆ 42,000. ಡೆಪಾಸಿಟ್ ಸೇರಿ 48,000.

ಕೊನೆಯ ದಿನ ಜುಲೈ 31, ನೀವು ತಿಳಿಸಿದ್ದು ಆಗಸ್ಟ್ 4 ಅಂತ ಹಿಡಿದರೆ ನಾಲ್ಕೇ ದಿನ ದಾಟಿದೆ. ಶೇ. 80, ಅಂದರೆ 67,200. ಡೆಪಾಸಿಟ್ ಸೇರಿ 73,200.

ಕೊನೆಯ ದಿನ ಜುಲೈ 31, ನೀವು ತಿಳಿಸಿದ್ದು ವಾಟ್ಸಾಪ್ ಮಾಡಿದ ಜುಲೈ 12 ಅಂತ ಹಿಡಿದರೆ 19 ದಿನ ಮುಂಚೆಯೇ ತಿಳಿಸಿದ್ದೀರಿ. ಪೂರ್ತಿ 84,000ದಲ್ಲಿ ಶೇ. 5 ಅಂದರೆ 4,200 ಕಳೆದು 79,800. ಡೆಪಾಸಿಟ್ ಸೇರಿ 85,800.

ನೋಡಿ, ಫೀಸು ಅದೇ, ಮಗಳು ಅದೇ, ಕಾಲೇಜು ಅದೇ. ಎರಡು ತಾರೀಖು ಯಾವುದು ಅನ್ನುವುದರ ಮೇಲೆ 48,000ದಿಂದ 85,800ರವರೆಗೆ ವ್ಯತ್ಯಾಸ. ಹಾಗಾಗಿ ಪತ್ರದಲ್ಲಿ ನಿಮ್ಮ ಕಷ್ಟಸುಖ ಬರೆಯುವುದಕ್ಕಿಂತ ಈ ಎರಡು ತಾರೀಖುಗಳನ್ನು ಗಟ್ಟಿ ಮಾಡುವುದರಲ್ಲಿ ಶ್ರಮ ಹಾಕಿ.

ಮೊದಲ ತಾರೀಖು: ಕೊನೆಯ ದಿನ. ಅಧೀನ ಕಾಲೇಜು ತನ್ನ ಪ್ರವೇಶದ ಕೊನೆಯ ದಿನವನ್ನು ತಾನೇ ಕಟ್ಟಕಡೆಯದಾಗಿ ನಿರ್ಧರಿಸುವುದಿಲ್ಲ, ಯೂನಿವರ್ಸಿಟಿ ಸುತ್ತೋಲೆ ಹೊರಡಿಸುತ್ತದೆ. ಆ ಸುತ್ತೋಲೆಯಲ್ಲಿ ಸಾಮಾನ್ಯವಾಗಿ ದಂಡ ಶುಲ್ಕವಿಲ್ಲದೆ ಸೇರಲು ಒಂದು ದಿನ, ದಂಡ ಶುಲ್ಕದೊಂದಿಗೆ ಸೇರಲು ಇನ್ನೊಂದು ದಿನ ಇರುತ್ತದೆ. ಸೀಟು ತುಂಬದಿದ್ದರೆ ವಿಸ್ತರಣೆಯ ಸುತ್ತೋಲೆ ಬರುತ್ತದೆ. ಕಾಲೇಜಿನ ಆಫೀಸಿನವರು ನಿಮಗೆ ತೋರಿಸುವುದು ಮೊದಲ ಸುತ್ತೋಲೆ, ಅಥವಾ ತಮ್ಮದೇ ಪ್ರಾಸ್ಪೆಕ್ಟಸ್‌ನ ತಾರೀಖು. ವಿಸ್ತರಣೆಯಾದ ಮೇಲೆ ಜುಲೈ 20ಕ್ಕೆ, 25ಕ್ಕೆ ಅದೇ ಕಾಲೇಜು ಹೊಸ ಮಕ್ಕಳನ್ನು ಸೇರಿಸಿಕೊಂಡಿದ್ದರೆ 'ಜುಲೈ 15ಕ್ಕೇ ಮುಗಿದಿತ್ತು' ಅನ್ನುವ ಮಾತು ನಿಲ್ಲುವುದಿಲ್ಲ ಅಲ್ವಾ? ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಸುತ್ತೋಲೆಗಳ ಪುಟಕ್ಕೆ ಹೋಗಿ, ವಿಸ್ತರಣೆಯ ಸುತ್ತೋಲೆ ಇಳಿಸಿಕೊಳ್ಳಿ. ಅದರ ನಂಬರ್ ಮತ್ತು ದಿನಾಂಕವನ್ನು ನಿಮ್ಮ ಪತ್ರದಲ್ಲಿ ಬರೆಯಿರಿ, ಪ್ರತಿ ಲಗತ್ತಿಸಿ. ಸಿಗದಿದ್ದರೆ ಯೂನಿವರ್ಸಿಟಿಯ ಶೈಕ್ಷಣಿಕ ವಿಭಾಗಕ್ಕೆ ಹೋಗಿ ಕೇಳಿದರೆ ಪ್ರತಿ ಕೊಡುತ್ತಾರೆ. ಸರ್ಕಾರಿ ಯೂನಿವರ್ಸಿಟಿ ಆಗಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿಯೂ ತರಿಸಿಕೊಳ್ಳಬಹುದು.

ನನ್ನ ಸಲಹೆ, ದಂಡ ಶುಲ್ಕವಿಲ್ಲದ ವಿಸ್ತರಿತ ತಾರೀಖನ್ನೇ ಹಿಡಿಯಿರಿ. ದಂಡ ಶುಲ್ಕದ ತಾರೀಖು ಇನ್ನೂ ಮುಂದಿದ್ದರೂ ಅದನ್ನು ಆಧಾರ ಮಾಡಿಕೊಂಡರೆ ಸುಮ್ನೆ ಹೊಸ ವಾದಕ್ಕೆ ಜಾಗ ಕೊಟ್ಟಂತಾಗುತ್ತದೆ.

ಎರಡನೆಯ ತಾರೀಖು: ನೀವು ತಿಳಿಸಿದ ದಿನ. ಇಲ್ಲಿ ನಿಮ್ಮ ವಾಟ್ಸಾಪ್ ಮೆಸೇಜೇ ಆಸ್ತಿ. ಕಾಲೇಜಿನವರು 'ಅದು ಲಿಖಿತ ಅರ್ಜಿ ಅಲ್ಲ' ಅನ್ನುತ್ತಾರೆ. ಆದರೆ ಕಾನೂನು ಎಲ್ಲಿ 'ಬರಹದಲ್ಲಿ' ಅನ್ನುತ್ತದೋ ಅಲ್ಲಿ ಎಲೆಕ್ಟ್ರಾನಿಕ್ ರೂಪದ ಬರಹವೂ ಸಲ್ಲುತ್ತದೆ ಅಂತ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಅದಕ್ಕಿಂತ ದೊಡ್ಡ ಬಲ ಅವರು ಕೊಟ್ಟ ಉತ್ತರ. 'ಓಕೆ ಸರ್, ಆಫೀಸಲ್ಲಿ ಕೇಳಿ ಹೇಳ್ತೀನಿ' ಅಂದರೆ ಮೆಸೇಜ್ ತಲುಪಿದೆ, ಓದಿದ್ದಾರೆ, ವಿಷಯ ಅರ್ಥವಾಗಿದೆ, ಆಫೀಸಿಗೆ ಮುಟ್ಟಿಸುವ ಹೊಣೆಯನ್ನೂ ಹೊತ್ತಿದ್ದಾರೆ. ನೀವು ಕಳಿಸಿದ ಮೆಸೇಜಿನಲ್ಲಿ ಮೂರು ವಿಷಯ ಇದೆಯಾ ನೋಡಿಕೊಳ್ಳಿ: ಮಗಳ ಹೆಸರು, ಸೀಟು ಬಿಡುತ್ತೇವೆ ಅನ್ನುವ ಮಾತು, ಫೀಸು ವಾಪಸ್ ಬೇಕು ಅನ್ನುವ ಮಾತು. ಮೂರೂ ಇದ್ದರೆ ಗಟ್ಟಿ. 'ಬೇರೆ ಕಡೆ ಸೀಟು ಸಿಕ್ಕಿದೆ, ಏನು ಮಾಡೋದು ಸರ್' ಅಂತ ಮಾತ್ರ ಇದ್ದರೆ ಅದು ವಿಚಾರಣೆ, ಅರ್ಜಿ ಅಲ್ಲ ಅಂತ ಅವರು ವಾದಿಸಬಹುದು. ಆಗ 73,200 ನಿಮ್ಮ ಗಟ್ಟಿ ನೆಲ.

ಆ ನಂಬರ್ ಕಾಲೇಜಿನದ್ದೇ ಅಂತ ತೋರಿಸುವುದೂ ಮುಖ್ಯ. ಪ್ರಾಸ್ಪೆಕ್ಟಸ್‌ನಲ್ಲಿ, ಜಾಹೀರಾತಿನಲ್ಲಿ, ವೆಬ್‌ಸೈಟಿನಲ್ಲಿ 'ಪ್ರವೇಶಕ್ಕೆ ಸಂಪರ್ಕಿಸಿ' ಅಂತ ಅದೇ ನಂಬರ್ ಕೊಟ್ಟಿದ್ದರೆ ಆ ಪುಟವನ್ನೂ ಲಗತ್ತಿಸಿ. ಫೀಸು ಕಟ್ಟುವಾಗ ಅದೇ ನಂಬರಿನಿಂದ ಬ್ಯಾಂಕ್ ವಿವರ ಕಳಿಸಿದ್ದರಂತೂ ಇನ್ನೂ ಒಳ್ಳೆಯದು. ಹಣ ತೆಗೆದುಕೊಳ್ಳಲು ಅಧಿಕೃತವಾಗಿದ್ದ ನಂಬರು ವಾಪಸ್ ಕೇಳಿದಾಗ ಅನಧಿಕೃತ ಆಗುವುದು ಹೇಗೆ?

ಇಷ್ಟೆಲ್ಲ ಆದ ಮೇಲೂ ಒಂದು ಸುತ್ತೋಲೆಯನ್ನು ಹುಡುಕಿ ನೋಡಲೇಬೇಕು. ಕೆಲವು ವರ್ಷ ಯುಜಿಸಿ ಆ ವರ್ಷಕ್ಕೆ ಮಾತ್ರ ಸೀಮಿತವಾಗಿ 2018ರ ನಿಯಮಕ್ಕಿಂತ ಉದಾರವಾದ ಆದೇಶ ಕೊಟ್ಟಿದೆ. 2023-24 ಮತ್ತು 2024-25ರ ಸಾಲಿಗೆ ಸೆಪ್ಟೆಂಬರ್ 30ರವರೆಗೆ ಸೀಟು ಬಿಟ್ಟವರಿಗೆ ಪೂರ್ತಿ ಫೀಸು, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದು ಉಳಿದದ್ದು ವಾಪಸ್ ಅಂತ ಹೇಳಿತ್ತು. ಬೇರೆ ಬೇರೆ ಪ್ರವೇಶ ಪರೀಕ್ಷೆಗಳ ಫಲಿತಾಂಶ, ಕೌನ್ಸೆಲಿಂಗ್ ತಡವಾಗಿ ನಡೆದು ಮಕ್ಕಳು ಕಾಲೇಜು ಬದಲಿಸಬೇಕಾಗುತ್ತದೆ ಅನ್ನುವುದು ಇದರ ಹಿಂದಿನ ಕಾರಣ. ನಿಮ್ಮ ಮಗಳು ಸೇರಿದ ಸಾಲಿಗೂ ಅಂಥ ಆದೇಶ ಇದ್ದರೆ ಮೇಲಿನ ಲೆಕ್ಕವೆಲ್ಲ ಬೇಡವೇ ಬೇಡ. ಆಗಸ್ಟ್ 4ರ ಅರ್ಜಿಯಲ್ಲೇ ಪೂರ್ತಿ 90,000 ಕೇಳಬಹುದು. ugc.gov.in ತಾಣದಲ್ಲಿ ಸಾರ್ವಜನಿಕ ಪ್ರಕಟಣೆಗಳ ಪಟ್ಟಿಯಲ್ಲಿ ಆ ಸಾಲಿನ ಶುಲ್ಕ ವಾಪಸಾತಿ ಅಂತ ನೋಡಿ. ಸಿಗಲಿಲ್ಲ ಅಂದರೆ 2018ರದ್ದೇ ಆಧಾರ.

ಇನ್ನೊಂದು ಮಾತು ಕೇಳಿಬರುತ್ತದೆ: 'ನಿಮ್ಮ ಮಗಳ ಸೀಟು ಖಾಲಿಯೇ ಉಳಿಯಿತು, ನಮಗೆ ನಷ್ಟ'. ಇದು ಎಐಸಿಟಿಇ ನಿಯಮದ ಮಾತು. ಎಂಜಿನಿಯರಿಂಗ್‌ನಂಥ ಕೋರ್ಸಿನಲ್ಲಿ ತರಗತಿ ಸೇರಿದ ಮೇಲೆ ಬಿಟ್ಟರೆ, ಆ ಸೀಟು ಕೊನೆಯ ದಿನದೊಳಗೆ ತುಂಬಿತೇ ಇಲ್ಲವೇ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಯುಜಿಸಿಯ 2018ರ ಪಟ್ಟಿಯಲ್ಲಿ ಸೀಟು ತುಂಬಿತೇ ಅನ್ನುವ ಪ್ರಶ್ನೆಯೇ ಇಲ್ಲ, ದಿನಗಳ ಲೆಕ್ಕ ಮಾತ್ರ. ನಿಮ್ಮದು ಬಿ.ಕಾಂ. ಆಫೀಸಿನವರು ಎರಡನ್ನೂ ಕಲಸಿ ಹೇಳಿದರೆ ಗೊಂದಲಕ್ಕೆ ಬೀಳಬೇಡಿ. (ಕೆಇಎ ಮೂಲಕ ಸೀಟು ಪಡೆದು ಫೀಸನ್ನು ಕೆಇಎಗೇ ಕಟ್ಟಿದವರ ದಾರಿ ಬೇರೆ. ಅವರು ಕೆಇಎಯ ಸೀಟು ರದ್ದತಿ ನಿಯಮವನ್ನೇ ನೋಡಬೇಕು.)

ಈಗ ಪತ್ರ. ಆಗಸ್ಟ್ 4ರಂದು ಕೊಟ್ಟ ಅರ್ಜಿಗೆ ನಿಮ್ಮ ಹತ್ತಿರ ಇನ್‌ವರ್ಡ್ ಸೀಲ್ ಹಾಕಿದ ಪ್ರತಿ ಇದೆಯಾ? ನೀವು ಬರೆದದ್ದರಲ್ಲಿ ಅದು ಕಾಣಲಿಲ್ಲ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಈಗ ಬರೆಯುವ ಪತ್ರದಲ್ಲಿ ಆ ಅರ್ಜಿಯನ್ನು ಉಲ್ಲೇಖಿಸಿ, ಅಂದು ನೀವು ಕಾಲೇಜಿಗೆ ಹೋಗಿದ್ದಕ್ಕೆ ಏನು ದಾಖಲೆ ಇದೆಯೋ, ಗೇಟಿನ ರಿಜಿಸ್ಟರಿನಲ್ಲಿ ಸಹಿ, ಅಂದು ಮಾಡಿದ ಫೋನ್ ಕರೆ, ಅರ್ಜಿಯ ಫೋಟೊ, ಅದನ್ನು ಹೇಳಿ. ಪತ್ರ ಒಂದೇ ಪುಟ ಇರಲಿ. ಕನ್ನಡದಲ್ಲೇ ಬರೆಯಬಹುದು. ಹೀಗಿರಲಿ:

"ಪ್ರಾಂಶುಪಾಲರಿಗೆ,
ವಿಷಯ: ಪ್ರವೇಶ ರದ್ದು ಮಾಡಿದ್ದರಿಂದ ಶುಲ್ಕ ಹಿಂದಿರುಗಿಸುವ ಬಗ್ಗೆ.
ನನ್ನ ಮಗಳು (ಹೆಸರು, ಪ್ರವೇಶ ಸಂಖ್ಯೆ) ತಮ್ಮ ಕಾಲೇಜಿನ ಪ್ರಥಮ ಬಿ.ಕಾಂ.ಗೆ ಸೇರಿದ್ದಳು. ರಸೀದಿ ಸಂಖ್ಯೆ ____, ದಿನಾಂಕ ____ರಂತೆ ಶುಲ್ಕ 84,000 ರೂ. ಹಾಗೂ ಕಾಷನ್ ಡೆಪಾಸಿಟ್ 6,000 ರೂ. ಪಾವತಿಸಿದ್ದೇನೆ. ಪ್ರವೇಶ ರದ್ದು ಮಾಡುವಂತೆ ಜುಲೈ 12ರಂದು ತಮ್ಮ ಪ್ರವೇಶ ವಿಭಾಗದ ____ ಸಂಖ್ಯೆಗೆ ವಾಟ್ಸಾಪ್ ಮೂಲಕ ತಿಳಿಸಿದ್ದು, ಅದೇ ದಿನ ಉತ್ತರ ಬಂದಿದೆ. ಆಗಸ್ಟ್ 4ರಂದು ಅರ್ಜಿಯನ್ನೂ ಸಲ್ಲಿಸಿದ್ದೇನೆ.
ಯುಜಿಸಿ ನಿಯಮದಂತೆ ಶುಲ್ಕ ಹಿಂದಿರುಗಿಸುವುದಾಗಿ ತಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ಪ್ರಕಟಿಸಿರುವ ಪಾಲಿಸಿಯಲ್ಲಿದೆ. ವಿಶ್ವವಿದ್ಯಾಲಯದ ಸುತ್ತೋಲೆ ಸಂಖ್ಯೆ ____ರಂತೆ ಪ್ರವೇಶದ ಕೊನೆಯ ದಿನ ಜುಲೈ 31. ಅದಕ್ಕೆ 19 ದಿನ ಮುಂಚೆ ತಿಳಿಸಿರುವುದರಿಂದ, ಯುಜಿಸಿಯ ಅಕ್ಟೋಬರ್ 2018ರ ಅಧಿಸೂಚನೆಯಂತೆ ಶೇ. 5 ಕಳೆದು 79,800 ರೂ. ಹಾಗೂ ಡೆಪಾಸಿಟ್ 6,000 ರೂ., ಒಟ್ಟು 85,800 ರೂ.ಗಳನ್ನು 15 ದಿನದೊಳಗೆ ಕೆಳಗಿನ ಖಾತೆಗೆ ಜಮಾ ಮಾಡಿ, ಮಗಳ ಮೂಲ ಅಂಕಪಟ್ಟಿ ಹಾಗೂ ವರ್ಗಾವಣೆ ಪತ್ರವನ್ನು ಕೊಡಬೇಕಾಗಿ ಕೋರುತ್ತೇನೆ.
ನೀಡಲು ಸಾಧ್ಯವಿಲ್ಲದಿದ್ದರೆ ಕಾರಣ ಮತ್ತು ನಿಯಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ಬಾಯಲ್ಲಿ 'ಆಗಲ್ಲ' ಅನ್ನುವುದು ಸುಲಭ. ಯುಜಿಸಿ ನಿಯಮ ಗೊತ್ತಿದ್ದೂ 'ಕೊಡುವುದಿಲ್ಲ' ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಲು ಯಾವ ಪ್ರಾಂಶುಪಾಲರೂ ಎರಡು ಸಲ ಯೋಚನೆ ಮಾಡುತ್ತಾರೆ. ನಾನು ಕೆಲಸ ಮಾಡುತ್ತಿದ್ದ ಕಡೆ, ಈ ಒಂದು ಸಾಲು ಇದ್ದ ಪತ್ರಗಳು ಮಾತ್ರ ಕ್ಲರ್ಕ್ ಮೇಜಿನಿಂದ ಎದ್ದು ಒಳಗಿನ ಕೋಣೆಗೆ ಹೋಗುತ್ತಿದ್ದವು. ಉಳಿದವು ಕಂಬಿಗೆ ಚುಚ್ಚಿಕೊಂಡು ಅಲ್ಲೇ ಇರುತ್ತಿದ್ದವು.

ಈ ಪತ್ರದಲ್ಲಿ 73,200ರ ಮಾತು ಎತ್ತಬೇಡಿ. 'ಕನಿಷ್ಠ ಇಷ್ಟಾದರೂ' ಅಂತ ಬರೆದರೆ ಕ್ಲರ್ಕು ಕೆಳಗೆ ಗೆರೆ ಎಳೆಯುವುದು ಆ ಅಂಕಿಗೇ. ಮುಂದೆ ದೂರು ಕೊಡುವ ಹಂತ ಬಂದಾಗ, ಮುಖ್ಯ ಬೇಡಿಕೆ 85,800, ಅದನ್ನು ಒಪ್ಪದಿದ್ದರೂ ಯಾವ ಲೆಕ್ಕದಲ್ಲೂ 73,200ಕ್ಕೆ ಕಡಿಮೆ ಆಗುವುದಿಲ್ಲ ಅಂತ ಎರಡನ್ನೂ ಹಾಕಿ.

ಲಗತ್ತುಗಳು: ರಸೀದಿಯ ಜೆರಾಕ್ಸ್, ಹಣ ಹೋದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಸ್ಕ್ರೀನ್‌ಶಾಟ್, ಪಾಲಿಸಿ ಪುಟದ ಪ್ರಿಂಟ್, ಯೂನಿವರ್ಸಿಟಿ ಸುತ್ತೋಲೆ, ರದ್ದು ಮಾಡಿದ ಒಂದು ಚೆಕ್. ಮೂಲ ರಸೀದಿ ಕೇಳುತ್ತಾರೆ. ಕೊಡಲೇಬೇಕಾಗಿ ಬಂದರೆ ಎರಡೂ ಬದಿ ಜೆರಾಕ್ಸ್ ಮಾಡಿಸಿ, 'ಮೂಲ ರಸೀದಿ ಪಡೆಯಲಾಗಿದೆ' ಅಂತ ಜೆರಾಕ್ಸ್ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಕೊಡಿ. ಹಣವನ್ನು ಎಜುಕೇಷನ್ ಲೋನಿನಿಂದ ಕಟ್ಟಿದ್ದರೆ ವಾಪಸ್ ಬ್ಯಾಂಕಿನ ಲೋನ್ ಖಾತೆಗೇ ಹೋಗಬೇಕಾಗಬಹುದು, ಬ್ಯಾಂಕಿನವರನ್ನು ಮೊದಲೇ ಕೇಳಿಕೊಳ್ಳಿ.

ಪತ್ರವನ್ನು ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲ್ ಮತ್ತು ತಾರೀಖು ಹಾಕಿಸಿಕೊಳ್ಳಿ. 'ಸೀಲ್ ಹಾಕೋ ಮೇಡಂ ಇವತ್ತು ಬಂದಿಲ್ಲ' ಅಂದರೆ ಜಗಳ ಬೇಡ. ಹೊರಗೆ ಬಂದು ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ಜೊತೆಗೆ ಕಾಲೇಜಿನ ಅಧಿಕೃತ ಇಮೇಲ್‌ಗೂ ಕಳಿಸಿ. ಒಂದು ಪ್ರತಿ ಯೂನಿವರ್ಸಿಟಿಯ ಕುಲಸಚಿವರಿಗೂ ಹೋಗಲಿ. ಕೆಳಗೆ 'ಪ್ರತಿ: ಕುಲಸಚಿವರಿಗೆ' ಅಂತ ಇರುವುದು ಕಾಲೇಜಿಗೂ ಕಾಣಬೇಕು. ಪತ್ರ ತಲುಪಿದ ದಿನದಿಂದ 15 ದಿನ ಎಣಿಸಿ. ಅಧಿಸೂಚನೆಯೇ ಕೊಟ್ಟಿರುವ ಗಡುವು ಅದು.

ಈ ನಡುವೆ ಕಾಲೇಜಿನವರು ತಮ್ಮದೇ ಒಂದು ಛಾಪಿಸಿದ ಫಾರಂ ತುಂಬಿ ಅನ್ನಬಹುದು. ತುಂಬಿ, ತೊಂದರೆಯಿಲ್ಲ. ಆದರೆ ಸಹಿಯ ಮೇಲಿನ ಸಣ್ಣ ಅಕ್ಷರ ಓದಿ. 'ನನ್ನ ಸ್ವಂತ ಇಚ್ಛೆಯಿಂದ ಸೀಟು ಬಿಡುತ್ತಿದ್ದು, ಶುಲ್ಕ ವಾಪಸ್ ಕೇಳುವುದಿಲ್ಲ' ಅನ್ನುವ ಒಂದು ಸಾಲು ಅಲ್ಲಿ ಇರುವುದುಂಟು. ಒಬ್ಬ ತಾಯಿ, ಟಿಸಿ ಬೇಗ ಬೇಕು ಅನ್ನುವ ಗಾಬರಿಯಲ್ಲಿ, ನನ್ನ ಎದುರೇ ಅದಕ್ಕೆ ಸಹಿ ಹಾಕಿದರು. ಮಗನ ಹೊಸ ಕಾಲೇಜಿನಲ್ಲಿ ಮಾರನೇ ದಿನವೇ ಟಿಸಿ ಕೊಡಬೇಕಿತ್ತಂತೆ. ನಾನು ಆಗ ಆ ಕಡೆ ಕೂತವನು, ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ. ನೀವು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಿರುಸಹಿ ಹಾಕಿ, 'ಶುಲ್ಕ ವಾಪಸಾತಿಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ' ಅಂತ ಬರೆಯಿರಿ. ಫಾರಂ ತೆಗೆದುಕೊಳ್ಳದಿದ್ದರೆ ನಿಮ್ಮ ಪತ್ರ ಇದ್ದೇ ಇದೆ.

ಮೂಲ ಅಂಕಪಟ್ಟಿಗಳ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಪರಿಶೀಲನೆ ಮಾಡಿ ಮೂಲ ಪ್ರತಿಯನ್ನು ವಿದ್ಯಾರ್ಥಿಗೆ ವಾಪಸ್ ಕೊಡಬೇಕು, ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಅದೇ 2018ರ ಅಧಿಸೂಚನೆ ಹೇಳುತ್ತದೆ. 'ಮುಂದಿನ ಎರಡು ವರ್ಷದ ಫೀಸು ಕಟ್ಟಿದರೆ ಟಿಸಿ' ಅನ್ನುವವರೂ ಇದ್ದಾರೆ. ಒಂದು ಸಲಕ್ಕೆ ಒಂದು ವರ್ಷದ ಅಥವಾ ಒಂದು ಸೆಮಿಸ್ಟರಿನ ಫೀಸು ಮಾತ್ರ ತೆಗೆದುಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2003ರಲ್ಲೇ, ನಮ್ಮ ಕರ್ನಾಟಕದ್ದೇ ಆದ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ ಹೇಳಿದೆ.

ಹದಿನೈದು ದಿನ ಕಳೆದರೂ ಉತ್ತರ ಬರದಿದ್ದರೆ ಮೇಲಕ್ಕೆ ಹೋಗುವ ಏಣಿ ಇದೆ. ಯುಜಿಸಿಯ 2023ರ ಕುಂದುಕೊರತೆ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅಲ್ಲಿಗೆ ಮಗಳ ಹೆಸರಿನಲ್ಲಿ ದೂರು ಕೊಡಿ. ನಿಮ್ಮ ಹೆಸರಿನಲ್ಲಿ ಬೇಡ, ಯಾಕೆಂದರೆ ಅದು ವಿದ್ಯಾರ್ಥಿಯ ದೂರು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ನಿಮಗೆ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಯೂನಿವರ್ಸಿಟಿಯ ಒಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ. ಅವರು 30 ದಿನದಲ್ಲಿ ತೀರ್ಮಾನ ಮಾಡಬೇಕು. ಜೊತೆಜೊತೆಗೇ ಯುಜಿಸಿಯ ಇ-ಸಮಾಧಾನ್ ತಾಣ samadhaan.ugc.ac.in ನಲ್ಲಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಯುಜಿಸಿ ಕಾಲೇಜಿನ ಖಾತೆಗೆ ಕೈ ಹಾಕಿ ನಿಮ್ಮ ಹಣ ತೆಗೆದುಕೊಡುವುದಿಲ್ಲ. ಸಂಸ್ಥೆಯಿಂದ ವಿವರಣೆ ಕೇಳುತ್ತದೆ, ಅನುದಾನ ತಡೆಯುವ, ಅಫಿಲಿಯೇಷನ್ ವಾಪಸ್ ಪಡೆಯುವಂತೆ ಯೂನಿವರ್ಸಿಟಿಗೆ ಶಿಫಾರಸು ಮಾಡುವ ಅಧಿಕಾರ ಅದಕ್ಕಿದೆ. ಕಾಲೇಜು ಹೆದರುವುದು ಅದಕ್ಕೆ. ಹಾಗಾಗಿ ದೂರಿನಲ್ಲಿ ಸಿಟ್ಟಿನ ಮಾತು ಜಾಸ್ತಿ ಬೇಡ. ನಾಲ್ಕು ಸಾಲು, ಎರಡು ತಾರೀಖು, ಒಂದು ಲೆಕ್ಕ, ಐದು ಲಗತ್ತು. ದೂರು ನೋಡುವವರಿಗೆ ಒಂದೇ ನೋಟಕ್ಕೆ ಕಾಲೇಜಿನ ತಪ್ಪು ಕಾಣಬೇಕು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಅವರು ಕಾಲೇಜಿನ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ, ಖರ್ಚಿಲ್ಲ. ಆದರೆ ಗ್ರಾಹಕರ ಆಯೋಗದಲ್ಲಿ ಕೇಸು ಹಾಕುವ ಮುಂಚೆ ವಕೀಲರನ್ನು ಕೇಳಿ. ಶಿಕ್ಷಣ ಸಂಸ್ಥೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಯೇ ಅನ್ನುವ ಬಗ್ಗೆ ತೀರ್ಪುಗಳು ಎರಡೂ ಕಡೆ ಇವೆ. ರಾಷ್ಟ್ರೀಯ ಆಯೋಗ 2020ರಲ್ಲಿ ಬರುವುದಿಲ್ಲ ಅಂದಿದೆ. ನಿಮ್ಮಂಥ ಪ್ರಕರಣದಲ್ಲಿ ಸಮಿತಿ, ಒಂಬುಡ್ಸ್‌ಪರ್ಸನ್ ದಾರಿಯೇ ಹತ್ತಿರ.

ರಸೀದಿ ಇಲ್ಲದೆ ಕೊಟ್ಟ ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ಸಲ್ಟೆನ್ಸಿಯವರಿಗೆ, ಡೊನೇಷನ್ ಅಂತ ಕೈಗೆ ಕೊಟ್ಟದ್ದು ಏನಾದರೂ ಇದ್ದರೆ ಅದನ್ನು ಈ ಅರ್ಜಿಯೊಳಗೆ ಸೇರಿಸಬೇಡಿ. ದಾಖಲೆ ಇಲ್ಲದ ಒಂದು ಅಂಕಿ ಸೇರಿದರೆ ದಾಖಲೆ ಇರುವ 90,000ದ ಮೇಲೂ ಅನುಮಾನ ಬೀಳುತ್ತದೆ.

ಬಹಳ ಸಲ ನಡೆಯುವುದು ಹೀಗೆ: ದೂರು ಹೋದ ವಾರದಲ್ಲಿ ಆಫೀಸಿನಿಂದ ಫೋನ್ ಬರುತ್ತದೆ. 'ಬನ್ನಿ ಸರ್, 48,000 ಕೊಡ್ತೀವಿ, ಸಹಿ ಹಾಕಿ ತಗೊಂಡು ಹೋಗಿ' ಅನ್ನುತ್ತಾರೆ. ಹೋಗಿ, ತಗೊಳ್ಳಿ. ಬೇಡ ಅನ್ನಬೇಡಿ, ಅದು ನಿಮ್ಮದೇ ದುಡ್ಡು. ಆದರೆ ವೋಚರಿನಲ್ಲಿ 'ಪೂರ್ಣ ಮತ್ತು ಅಂತಿಮ ತೀರುವಳಿ' ಅಂತ ಇದ್ದರೆ ಅದನ್ನು ಹೊಡೆದು, 'ಭಾಗಶಃ ಮೊತ್ತ ಪಡೆದಿದ್ದೇನೆ, ಬಾಕಿ 37,800 ರೂ.ಗೆ ನನ್ನ ಹಕ್ಕು ಉಳಿದಿದೆ' ಅಂತ ನಿಮ್ಮ ಕೈಬರಹದಲ್ಲಿ ಬರೆದು ಸಹಿ ಮಾಡಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಬನ್ನಿ. ಹಾಗೆ ಬರೆಯಲು ಬಿಡದೆ ಹಣ ತಡೆದರೆ, ನಡೆದದ್ದನ್ನು ಅದೇ ಸಂಜೆ ಕಾಲೇಜಿಗೆ ಇಮೇಲ್ ಮಾಡಿ, ಸಮಿತಿಯ ದೂರಿಗೂ ಅದನ್ನು ಸೇರಿಸಿ.